ಪದಚರ್ಚೆ: ‘ಬ್ರೀಚ್’ಗೆ ‘ಉಲ್ಲಂಘನೆ’ ಹೊಂದುತ್ತದೆಯೇ?

ಗೆಳೆಯರೇ, ಕಾನೂನಿನ ‘ನೆಗ್ಲಿಜೆನ್ಸ್’, ಅಂದರೆ ಎಚ್ಚರ ವಹಿಸದೆ ಬೇರೆಯವರಿಗೆ ಹಾನಿ ಮಾಡುವುದರ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಡ್ಯೂಟಿ ಆಫ್ ಕೇರ್’ಗೆ ‘ಎಚ್ಚರದ ಹೊಣೆ’, ‘ಡ್ಯಾಮೇಜ್’ಗೆ ‘ಹಾನಿ’ ಎಂದು ಹಾಕಿದ್ದೇನೆ. ನಡುವಿನ ‘ಬ್ರೀಚ್’, ಅಂದರೆ ಆ ಹೊಣೆಯ ಪ್ರಕಾರ ನಡೆಯದಿರುವುದು, ಅದರ ಹತ್ತಿರ ಕೈ ನಿಂತಿದೆ. ‘ಉಲ್ಲಂಘನೆ’ ಎಂದರೆ ಬೇಕೆಂದೇ ನಿಯಮ ಮೀರಿದ ಹಾಗೆ ಕೇಳಿಸುತ್ತದೆ. ಆದರೆ ಸುಮ್ನೆ ಗಮನ ಕೊಡದೆ ಇದ್ದರೂ ಬ್ರೀಚ್ ಆಗುತ್ತದೆ. ‘ಲೋಪ’ ಅನ್ನಬಹುದೇ?
– ಶೈಲಜಾ

ಶೈಲಜಾ ಅವರೇ, ಹೊಣೆಯೂ ಇದೆ, ಹಾನಿಯೂ ಆಗಿದೆ ಅಂದಮೇಲೆ ಬ್ರೀಚ್ ಆಗಿದೆ ಅಂತಲೇ ಅರ್ಥ ಅಲ್ವಾ? ಅದಕ್ಕೊಂದು ಬೇರೆ ಪದ ಯಾಕೆ? ‘ನಿರ್ಲಕ್ಷ್ಯ’ ಒಂದೇ ಸಾಕು.
– ರಮೇಶ

ರಮೇಶ್ ಅವರೇ, ಹಾಗಾಗುವುದಿಲ್ಲ. ಇಂಗ್ಲೆಂಡಿನ ‘ಬೋಲ್ಟನ್ ವಿರುದ್ಧ ಸ್ಟೋನ್’ ಪ್ರಕರಣ ನೋಡಿ, 1951ರ ತೀರ್ಪು. ಕ್ರಿಕೆಟ್ ಮೈದಾನದಿಂದ ಹಾರಿದ ಚೆಂಡು ರಸ್ತೆಯಲ್ಲಿದ್ದ ಮಹಿಳೆಗೆ ಬಡಿಯಿತು. ರಸ್ತೆಯಲ್ಲಿ ಓಡಾಡುವವರ ಬಗ್ಗೆ ಕ್ಲಬ್ಬಿಗೆ ಹೊಣೆ ಇತ್ತು. ಪೆಟ್ಟೂ ನಿಜ. ಆದರೂ ಆಕೆ ಸೋತರು.

ಯಾಕೆಂದರೆ ಬೇಲಿ 7 ಅಡಿ ಇದ್ದರೂ, ನೆಲದ ಏರಿನಿಂದಾಗಿ ಅದರ ತುದಿ ಪಿಚ್‌ಗಿಂತ 17 ಅಡಿ ಮೇಲಿತ್ತು. ಸುಮಾರು 30 ವರ್ಷದಲ್ಲಿ ಚೆಂಡು ಆ ಕಡೆ ರಸ್ತೆಗೆ ಬಿದ್ದದ್ದು ಆರು ಸಲ ಇರಬಹುದು, ಅಷ್ಟೆ. ರಸ್ತೆಯಲ್ಲಿ ಜನರೂ ಕಡಿಮೆ. ಇಷ್ಟು ಸಣ್ಣ ಅಪಾಯಕ್ಕೆ ಬುದ್ಧಿವಂತ ಮನುಷ್ಯ ಆಟ ನಿಲ್ಲಿಸಬೇಕಾಗಿಲ್ಲ ಎಂದಿತು ನ್ಯಾಯಾಲಯ. ಚೆಂಡು ಪದೇ ಪದೇ ಹೋಗುತ್ತಿದ್ದರೆ ಉತ್ತರ ಬೇರೆಯಾಗಬಹುದಿತ್ತು. ನಡುವಿನ ಮೆಟ್ಟಿಲನ್ನು ಬೇರೆಯಾಗಿ ಅಳೆಯುವುದು ಇದಕ್ಕೇ.

ಅದೇ ಕಾಲದ ‘ಪ್ಯಾರಿಸ್ ವಿರುದ್ಧ ಸ್ಟೆಪ್ನಿ’ ಪ್ರಕರಣವೂ ಇದೆ. ಕೆಲಸಗಾರನಿಗೆ ಒಂದೇ ಕಣ್ಣು ಚೆನ್ನಾಗಿತ್ತು. ಮಾಲೀಕರಿಗೆ ಅದು ಗೊತ್ತಿತ್ತು, ಆದರೂ ಕನ್ನಡಕದ ರಕ್ಷಣೆ ಕೊಟ್ಟಿರಲಿಲ್ಲ. ಲೋಹದ ಚೂರು ಸಿಡಿದು ಅದೂ ಹೋಯಿತು. ಚೂರು ಸಿಡಿಯುವ ಸಾಧ್ಯತೆ ಎಲ್ಲರಿಗೂ ಒಂದೇ. ಆದರೆ ಇವನಿಗೆ ಆಗುವ ನಷ್ಟ ಜಾಸ್ತಿ, ಹಾಗಾಗಿ ಇವನ ಬಗ್ಗೆ ಎಚ್ಚರವೂ ಜಾಸ್ತಿ ಬೇಕಿತ್ತು ಎಂದರು.

ಇಲ್ಲಿ ‘ಲೋಪ’ ಚೆನ್ನಾಗಿ ಕೂರುತ್ತದೆ, ಮಾಡಬೇಕಾದ್ದನ್ನು ಮಾಡಲಿಲ್ಲ. ಆದರೆ ವಿಪರೀತ ವೇಗದಲ್ಲಿ ಗಾಡಿ ಓಡಿಸಿದವನದು ಲೋಪವೇ? ಅವನು ಮಾಡಬಾರದ್ದನ್ನು ಮಾಡಿದ. ನನಗೆ ‘ಹೊಣೆ ತಪ್ಪುವುದು’ ಇಷ್ಟ. ಮಾತು ತಪ್ಪಿದ, ದಾರಿ ತಪ್ಪಿದ ಅನ್ನುತ್ತೇವಲ್ಲ, ಬೇಕೆಂದು ತಪ್ಪಿದರೂ ಗೊತ್ತಿಲ್ಲದೆ ತಪ್ಪಿದರೂ ಆ ಪದ ನಡೆಯುತ್ತದೆ.
– ವಸುಧಾ

ನನ್ನದೂ ಒಂದು ಕೇಳಿ. ಕಳೆದ ತಿಂಗಳು ಒಂದು ಕಟ್ಟಡದ ಒದ್ದೆ ನೆಲದಲ್ಲಿ ಕಾಲು ಜಾರಿತು. ಎಚ್ಚರಿಕೆಯ ಫಲಕ ಇರಲಿಲ್ಲ. ಕಂಬ ಹಿಡಿದುಕೊಂಡೆ, ಏನೂ ಆಗಲಿಲ್ಲ. ಹೊಣೆ ತಪ್ಪಿದ್ದು ಸ್ಪಷ್ಟ. ಪರಿಹಾರ ಕೇಳಬಹುದಾ?
– ಗಿರೀಶ

ಗಿರೀಶ್ ಅವರೇ, ಬೀಳದೆ ಉಳಿದಿರಲ್ಲ, ಅದು ಒಳ್ಳೆಯದಾಯಿತು. ಆದರೆ ಹಾನಿಯೇ ಇಲ್ಲದೆ ನೆಗ್ಲಿಜೆನ್ಸ್ ದಾವೆ ನಿಲ್ಲುವುದಿಲ್ಲ. ಬರೀ ಹೆದರಿಕೆ ಸಾಲದು.

ವಸುಧಾ ಅವರೇ, ವಾಕ್ಯದೊಳಗೆ ‘ಹೊಣೆ ತಪ್ಪಿದರು’ ಸಲೀಸಾಗಿ ಬರುತ್ತದೆ. ತಲೆಬರಹಕ್ಕೆ ನಾಮಪದ ಬೇಕು. ‘ಹೊಣೆತಪ್ಪು’ ಎಂದರೆ ಯಾರದೋ ತಪ್ಪಿಗೆ ಹೊಣೆ ಅಂತ ಓದಿಕೊಳ್ಳುತ್ತಾರೇನೋ. ‘ಹೊಣೆಗೇಡು’ ಬೈಗುಳದ ಹಾಗಿದೆ. ಸದ್ಯಕ್ಕೆ ‘ಹೊಣೆ ತಪ್ಪಿದ್ದು’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?
– ಶೈಲಜಾ