ಇಸಿಜಿ ಸ್ಲೈಡ್: ಪಿಆರ್ ನನಗೆ 0.08 ಬಂತು, ಉತ್ತರದಲ್ಲಿ 0.16 ಇದೆ

ಸೇಡಂ_ಹುಡುಗಿ
ಕಲಬುರಗಿಯಲ್ಲಿ ನರ್ಸಿಂಗ್ ಎರಡನೇ ವರ್ಷ. ಪ್ರಾಕ್ಟಿಕಲ್‌ಗೆ ಒಂದು ಇಸಿಜಿ ಸ್ಲೈಡ್ ಕೊಟ್ಟಿದ್ದಾರೆ, ಲೀಡ್ 2. ಮೂಲೆಯಲ್ಲಿ `25 mm/s 10 mm/mV` ಎಂದಿದೆ. ಪಿ ಅಲೆ ಎರಡು ಸಣ್ಣ ಬಾಕ್ಸ್ ಅಗಲ ಇದೆ. ಆಮೇಲೆ ಎರಡು ಬಾಕ್ಸ್ ಸಪಾಟು ಗೆರೆ, ಅದರ ನಂತರ ಕ್ಯೂಆರ್‌ಎಸ್. ಸಪಾಟು ಗೆರೆ ಅಳೆದು ಪಿಆರ್ ಇಂಟರ್ವಲ್ 0.08 ಸೆಕೆಂಡ್ ಎಂದು ಬರೆದೆ. ಉತ್ತರದ ಹಾಳೆಯಲ್ಲಿ 0.16. ಎಲ್ಲಿ ತಪ್ಪಿತು? ಮತ್ತೆ ಆ ಸಪಾಟು ಗೆರೆಯ ಹೊತ್ತಿಗೆ ಹೃದಯದಲ್ಲಿ ಕರೆಂಟೇ ಇರಲ್ವಾ?

ಬೀದರ್_ಶಿವು
ಸರಿಯಾಗಿ ದುಪ್ಪಟ್ಟು ಇದೆ ಅಂದ್ರೆ ಮಷಿನ್ ಸ್ಪೀಡ್ 50 ಇಟ್ಟಿದ್ದಾರೆ. ಸಪಾಟು ಇದ್ದಾಗ ಕರೆಂಟ್ ಇರಲ್ಲ. ಆಗ ಏಟ್ರಿಯಾ ಹಿಂಡಿಕೊಂಡು ರಕ್ತ ಕೆಳಗೆ ಕಳಿಸುತ್ತವೆ.

ಗೆರೆಕಾಗದ
ಶಿವು, ಸ್ಪೀಡ್ 50 ಆದರೆ ಒಂದು ಸಣ್ಣ ಬಾಕ್ಸ್ 0.02 ಸೆಕೆಂಡ್ ಆಗುತ್ತೆ. ಆಗ ಉತ್ತರ ಅರ್ಧಕ್ಕೆ ಇಳಿಯಬೇಕು, ದುಪ್ಪಟ್ಟಾಗಲ್ಲ. ಅದೂ ಅಲ್ಲದೆ ಸ್ಲೈಡ್ ಮೇಲೆ 25 ಅಂತಲೇ ಇದೆಯಲ್ಲ.

ತಂಗಿ, ನೀನು ಅಳೆದದ್ದು ಪಿಆರ್ ಸೆಗ್ಮೆಂಟ್. ಇಂಟರ್ವಲ್ ಕೇಳಿದರೆ ಪಿ ಶುರುವಾದ ಜಾಗದಿಂದ ಕ್ಯೂಆರ್‌ಎಸ್ ಶುರುವಾಗುವ ತನಕ ಎಣಿಸಬೇಕು. ಎರಡು ಮತ್ತು ಎರಡು, ನಾಲ್ಕು ಬಾಕ್ಸ್. ಒಂದಕ್ಕೆ 0.04, ಒಟ್ಟು 0.16. ಪ್ರೊಜೆಕ್ಟರ್ ಪರದೆ ಮೇಲೆ ಸ್ಕೇಲ್ ಇಡಬೇಡ, ಅಲ್ಲಿ ಒಂದು ಬಾಕ್ಸ್ ಒಂದು ಮಿಲಿಮೀಟರ್ ಇರಲ್ಲ. ಬಾಕ್ಸ್ ಮಾತ್ರ ಎಣಿಸು.

ಏಟ್ರಿಯಾ ಹಿಂಡಿಕೊಳ್ಳುವ ಮಾತು ಸರಿ. ಪಿ ಅಲೆ ವಿದ್ಯುತ್ ಹರಡಿದ ಗುರುತು, ಸ್ನಾಯು ಬಿಗಿಯಾಗೋದು ಅದರ ಬೆನ್ನಿಗೆ. ಆದರೆ ಕರೆಂಟ್ ಇಲ್ಲ ಅನ್ನೋದನ್ನ ಒಪ್ಪಲ್ಲ. ಆ ಹೊತ್ತಿಗೆ ಸಿಗ್ನಲ್ ಎವಿ ನೋಡ್ ಒಳಗೆ ನಿಧಾನವಾಗಿ ಸಾಗಿ, ಅಲ್ಲಿಂದ ಹಿಸ್ ಕಟ್ಟಿಗೆ ಇಳಿಯುತ್ತಿರುತ್ತೆ. ಅಷ್ಟು ಚಿಕ್ಕ ಜಾಗದ ಕರೆಂಟ್ ಚರ್ಮದ ತನಕ ಬಂದು ಪೆನ್ನು ಅಲುಗಿಸಲ್ಲ, ಅಷ್ಟೇ. ಆ ತಡ ಇರೋದರಿಂದಲೇ ವೆಂಟ್ರಿಕಲ್ ತುಂಬಿಕೊಳ್ಳಲು ಸಮಯ ಸಿಗುತ್ತೆ.

ಭೀಮಾತೀರ
ಯಾದಗಿರಿಯಿಂದ ಕೇಳ್ತಾ ಇದ್ದೇನೆ. ನಮ್ಮಪ್ಪನ ರಿಪೋರ್ಟ್‌ನಲ್ಲಿ `PR 212 ms` ಎಂದಿದೆ. ಪೇಸ್‌ಮೇಕರ್ ಹಾಕಿಸಬೇಕಾಗುತ್ತಾ ಅಣ್ಣಾ?

ಗೆರೆಕಾಗದ
ನಾನು ಇಸಿಜಿ ತೆಗೆಯುವವನು, ಡಾಕ್ಟರ್ ಅಲ್ಲ. 200 ದಾಟಿದರೆ ಫಸ್ಟ್ ಡಿಗ್ರಿ ಬ್ಲಾಕ್ ಎಂದು ಬರೆಯುತ್ತಾರೆ. ಹೆಸರು ಬ್ಲಾಕ್, ಆದರೆ ಪ್ರತಿ ಪಿ ಹಿಂದೆ ಕ್ಯೂಆರ್‌ಎಸ್ ಬಂದೇ ಬರುತ್ತೆ, ತಡವಾಗಿ ಬರುತ್ತೆ ಅಷ್ಟೇ. ಅಪ್ಪನಿಗೆ ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದೆಯಾ? ಅವೂ ಎವಿ ನೋಡನ್ನ ನಿಧಾನ ಮಾಡುತ್ತವೆ. ಮಾತ್ರೆ ಚೀಟಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ, ನೀವಾಗಿ ನಿಲ್ಲಿಸಬೇಡಿ. ತಲೆ ಸುತ್ತಿ ಬಿದ್ದಿದ್ದರೆ ಮಾತ್ರ ತಡ ಮಾಡಬೇಡಿ.

ಸೇಡಂ_ಹುಡುಗಿ
ನಾಲ್ಕು ಬಾಕ್ಸ್ ಸರಿ ಹೋಯ್ತು. ಹಾಗಾದ್ರೆ ಕ್ಯೂಆರ್‌ಎಸ್ ಆದ ಮೇಲೆ ಬರುವ ಎಸ್‌ಟಿ ಸಪಾಟು ಗೆರೆಯಲ್ಲೂ ಸಿಗ್ನಲ್ ಯಾವುದೋ ನೋಡ್‌ನಲ್ಲಿ ನಿಂತಿರುತ್ತಾ?

ಗೆರೆಕಾಗದ
ಇಲ್ಲ, ಇದು ಬೇರೆ ಕಥೆ. ಇಸಿಜಿ ತೋರಿಸೋದು ಒಂದು ಕಡೆಗೂ ಇನ್ನೊಂದು ಕಡೆಗೂ ಇರುವ ವ್ಯತ್ಯಾಸ ಮಾತ್ರ. ಕ್ಯೂಆರ್‌ಎಸ್‌ನಲ್ಲಿ ಅಲೆ ವೆಂಟ್ರಿಕಲ್ ಗೋಡೆಯ ಒಳಗಿನಿಂದ ಹೊರಗೆ ಹರಡುತ್ತೆ, ವ್ಯತ್ಯಾಸ ಜಾಸ್ತಿ, ಗೆರೆ ಎತ್ತರ. ಎಸ್‌ಟಿ ಹೊತ್ತಿಗೆ ಗೋಡೆ ಪೂರ್ತಿ ಒಂದೇ ಸ್ಥಿತಿಯಲ್ಲಿದೆ. ವ್ಯತ್ಯಾಸ ಇಲ್ಲ, ಹಾಗಾಗಿ ಸಪಾಟು. ಆದರೆ ಅದೇ ಹೊತ್ತಿನಲ್ಲಿ ವೆಂಟ್ರಿಕಲ್ ಜೋರಾಗಿ ಹಿಂಡಿಕೊಳ್ಳುತ್ತಿರುತ್ತೆ!

ಟಿ ಅಲೆ ಚೇತರಿಕೆ. ಚೇತರಿಕೆ ಉಲ್ಟಾ ಕೆಲಸ ಅಲ್ವಾ, ಹಾಗಿದ್ದರೆ ಅಲೆ ಯಾಕೆ ತಲೆಕೆಳಗಾಗಿಲ್ಲ ಅಂತ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಗೋಡೆಯ ಹೊರಪದರ ಕೊನೆಗೆ ಎದ್ದರೂ ಮೊದಲು ಚೇತರಿಸಿಕೊಳ್ಳುತ್ತೆ. ಕೆಲಸವೂ ಉಲ್ಟಾ, ದಿಕ್ಕೂ ಉಲ್ಟಾ. ಅದಕ್ಕೆ ಲೀಡ್ 2ರಲ್ಲಿ ಟಿ ಮೇಲ್ಮುಖವಾಗಿಯೇ ಬರುತ್ತೆ.

ಬೀದರ್_ಶಿವು
ಏಟ್ರಿಯಾ ಚೇತರಿಕೆ ಕಾಣಲ್ಲ ಯಾಕೆ ಅಂತಾನೂ ಕೇಳ್ತಾರೆ. ಅದು ಕ್ಯೂಆರ್‌ಎಸ್ ಒಳಗೆ ಮುಚ್ಚಿಹೋಗುತ್ತೆ.

ಗೆರೆಕಾಗದ
ಹೌದು, ಇದು ಸರಿ.

ಸೇಡಂ_ಹುಡುಗಿ
ಕೊನೆಯದು. ಟಿ ಇಳಿದ ಮೇಲೆ ಸಣ್ಣದೊಂದು ಉಬ್ಬು ಇದೆ. ಅದನ್ನು ಬಿಟ್ಟರೆ ಕ್ಯೂಟಿ ಒಂಬತ್ತು ಬಾಕ್ಸ್, ಸೇರಿಸಿದರೆ ಹದಿಮೂರು. ಆರ್‌ನಿಂದ ಆರ್‌ಗೆ ಇಪ್ಪತ್ತು ಬಾಕ್ಸ್.

ಗೆರೆಕಾಗದ
ಇಪ್ಪತ್ತು ಅಂದರೆ 0.8 ಸೆಕೆಂಡ್, ನಿಮಿಷಕ್ಕೆ 75 ಬಡಿತ. ಉಬ್ಬು ಯು ಅಲೆ ಇರಬೇಕು, ಅದನ್ನು ಬಿಡು. ಟಿ ಇಳಿಯುವಾಗ ಕಡಿದಾದ ಕಡೆ ಪೆನ್ಸಿಲ್‌ನಲ್ಲಿ ನೇರ ಗೆರೆ ಎಳೆದು ಬುಡದ ಗೆರೆಗೆ ಮುಟ್ಟಿಸು. ಅಲ್ಲಿಗೆ ಟಿ ಮುಗಿಯಿತು. ಒಂಬತ್ತು ಬಾಕ್ಸ್ ಆದರೆ 0.36, ಏನೂ ತೊಂದರೆಯಿಲ್ಲ. ಹದಿಮೂರು ಎಣಿಸಿದರೆ 0.52 ಆಗಿ, ಸುಮ್ನೆ ಒಬ್ಬ ಆರೋಗ್ಯವಂತನನ್ನು ರೋಗಿ ಮಾಡಿದ ಹಾಗೆ.

ಬೀದರ್_ಶಿವು
ಯು ಅಲೆ ಪರ್ಕಿಂಜೆ ನಾರುಗಳ ಚೇತರಿಕೆ ಅಂತ ನಮ್ಮ ಮೇಡಂ ಬರೆಸಿದ್ದಾರೆ.

ಗೆರೆಕಾಗದ
ಹಾಗೆ ಹೇಳುವವರಿದ್ದಾರೆ, ಬೇರೆ ಕಾರಣ ಕೊಡುವವರೂ ಇದ್ದಾರೆ. ಪರೀಕ್ಷೆಯಲ್ಲಿ ನಿಮ್ಮ ಮೇಡಂ ಹೇಳಿದ್ದನ್ನೇ ಬರೆಯಿರಿ. ತಂಗಿ, ನೀನು ಆ ಉಬ್ಬು ಎಲ್ಲಾ ಬಡಿತದಲ್ಲೂ ಅದೇ ಜಾಗದಲ್ಲಿ ಬರುತ್ತಾ ನೋಡು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಬೆವರಿ ಎಲೆಕ್ಟ್ರೋಡ್ ಜಾರಿದರೂ ಬುಡದ ಗೆರೆ ಏರಿಳಿಯುತ್ತೆ. ಒಂದೇ ಬಡಿತದಲ್ಲಿ ಇದ್ದರೆ ಅದು ಅಲೆಯೇ ಅಲ್ಲ. ಸ್ಲೈಡ್ ಫೋಟೋ ಹಾಕು.