‘ಕನ್ಸರ್ವೇಟಿವ್’ ಸ್ಯಾಂಪಲ್ ಸೈಜ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳ ಪ್ರಬಂಧದ ಸಾರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಗಳೂರು ಕಡೆಯ ಎಷ್ಟು ಮನೆಯವರು ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರು ತರುತ್ತಾರೆ ಎಂಬ ಸರ್ವೆ ಅದು. ಹಿಂದಿನ ಅಂದಾಜು ಸಿಗಲಿಲ್ಲವಂತೆ. ಅದಕ್ಕೆ ‘ಅರ್ಧದಷ್ಟು ಎಂದು ಊಹಿಸಿ ಸಂಪ್ರದಾಯಬದ್ಧ ಮಾದರಿ ಗಾತ್ರ 385 ತೆಗೆದುಕೊಂಡೆವು’ ಎಂದು ಬರೆದಿದ್ದಾಳೆ. ಸಂಪ್ರದಾಯ ಇಲ್ಲಿಗೆ ಯಾಕೆ ಬಂತು?
— ದಾವಣಗೆರೆಯಿಂದ

ಅರ್ಧ ಅಂದರೆ ನಟ್ಟನಡುವೆ. ನಿಜ ಯಾವ ಕಡೆಗಿದ್ದರೂ ಜಾಸ್ತಿ ತಪ್ಪಾಗಲ್ಲ. ‘ಮಧ್ಯಮ ಗಾತ್ರ’ ಅನ್ನಬಹುದು.
— ಹಿರಿಯೂರು

ಊರಲ್ಲಿ 1500 ಮನೆ ಇದ್ದರೆ ಅರ್ಧ 750 ಆಗಬೇಕು ಅಲ್ವಾ? ನಾನು ಗಣತಿಗೆ ಹೋದಾಗ ಒಂದು ಮನೆಯನ್ನೂ ಬಿಡಲು ಒಪ್ಪಿರಲಿಲ್ಲ!
— ಹೊಳಲ್ಕೆರೆ

ಹೊಳಲ್ಕೆರೆಯವರೇ, ಅರ್ಧ ಅನ್ನುವುದು ಕೇಳಬೇಕಾದ ಮನೆಗಳ ಲೆಕ್ಕವಲ್ಲ, ‘ಹೌದು, ತರುತ್ತೇವೆ’ ಅನ್ನುವವರ ಪಾಲು. ಹಿರಿಯೂರಿನವರು ಅರ್ಧ ಸರಿ. ಅದು ಸುರಕ್ಷಿತ ಅನ್ನುವುದು ನಿಜ, ಆದರೆ ನಡುವಿನ ಗಾತ್ರವಲ್ಲ, ಎಲ್ಲಕ್ಕಿಂತ ದೊಡ್ಡದು.

ಸೂತ್ರದಲ್ಲಿ ‘ಹೌದು’ ಪಾಲನ್ನು ‘ಇಲ್ಲ’ ಪಾಲಿನಿಂದ ಗುಣಿಸುತ್ತೇವೆ. 20 ಮೀಟರ್ ಹಗ್ಗದಲ್ಲಿ ಆಯಾಕಾರದ ಕಣ ಸುತ್ತುವರಿಯಿರಿ. 2ಕ್ಕೆ 8 ಇಟ್ಟರೆ 16 ಚದರ ಮೀಟರ್, 5ಕ್ಕೆ 5 ಇಟ್ಟರೆ 25. ಅದಕ್ಕಿಂತ ದೊಡ್ಡ ಆಯ ಆ ಹಗ್ಗದಲ್ಲಿ ಆಗುವುದೇ ಇಲ್ಲ. ಪಾಲುಗಳೂ ಹಾಗೆಯೇ, ಕೂಡಿದರೆ ಯಾವಾಗಲೂ ಒಂದೇ ಮೊತ್ತ. ಶೇ. 95ರ ಭರವಸೆಗೆ, ಆಚೀಚೆ ಶೇ. 5ರ ತಪ್ಪಿಗೆ, ಶೇ. 20 ಎಂದಿಟ್ಟರೆ 246 ಮನೆ ಸಾಕು. ಶೇ. 80 ಎಂದರೂ ಅಷ್ಟೇ. ಅರ್ಧಕ್ಕೆ 385 ಬೇಕು.

ಈಗ ತಪ್ಪಿದರೆ ಏನಾಗುತ್ತದೆ ನೋಡಿ. 246 ಮನೆ ಕೇಳಿ ಬಂದ ಮೇಲೆ ನಿಜ ಅರ್ಧದ ಹತ್ತಿರ ಅಂತಾದರೆ ತಪ್ಪು 5 ದಾಟಿ ಸುಮಾರು 6.2ಕ್ಕೆ ಹೋಗುತ್ತದೆ. 385 ಕೇಳಿದ್ದು, ನಿಜ ಶೇ. 20 ಆಗಿದ್ದರೆ 4ಕ್ಕೆ ಇಳಿಯುತ್ತದೆ. ಒಂದಷ್ಟು ಓಡಾಟ ಜಾಸ್ತಿ, ಅಷ್ಟೇ. ಹಾಗಾಗಿ ನನ್ನ ಓಟು ‘ಮುನ್ನೆಚ್ಚರಿಕೆಯ ಗಾತ್ರ’ಕ್ಕೆ.

‘ಊಹಿಸಿ’ ಅನ್ನುವುದೂ ಬೇಡ. ಅರ್ಧ ಮನೆಯವರು ತರುತ್ತಾರೆ ಎಂದು ಆಕೆ ನಂಬಿಲ್ಲವಲ್ಲ. ‘ಅರ್ಧ ಎಂದಿಟ್ಟುಕೊಂಡು’ ಸರಿ.

ಒಂದು ಮಾತು. ನೂರಕ್ಕೆ ಎರಡು ಮನೆಯಲ್ಲಷ್ಟೇ ಇರುವ ಸಂಗತಿಯಾದರೆ ಈ 385 ನಂಬಬೇಡಿ. ಎರಡರ ಮೇಲೆ ಐದರ ತಪ್ಪು ಇಟ್ಟುಕೊಂಡು ಏನು ಹೇಳುತ್ತೀರಿ? ತಪ್ಪನ್ನು ಶೇ. 1ಕ್ಕೆ ಇಳಿಸಿದರೆ, ಶೇ. 2 ಎಂದೇ ಲೆಕ್ಕ ಹಾಕಿದರೂ 753 ಮನೆ ಬೇಕು.
— ಚಿತ್ರದುರ್ಗ, ನಿವೃತ್ತ ಸಂಖ್ಯಾಶಾಸ್ತ್ರ ಮೇಷ್ಟ್ರು

ಮೇಷ್ಟ್ರೇ, ‘ಎಂದಿಟ್ಟುಕೊಂಡು’ ಹಾಗೇ ತೆಗೆದುಕೊಂಡೆ. ‘ಮುನ್ನೆಚ್ಚರಿಕೆ’ ಮಾತ್ರ ಮಳೆ ಬರುವ ಮೊದಲು ರೇಡಿಯೊದಲ್ಲಿ ಹೇಳಿದ ಹಾಗೆ ಕೇಳಿಸುತ್ತಿದೆ. ‘ಸಾಲದೆ ಬರದ ಗಾತ್ರ’ ಅಂದರೆ ತೀರಾ ಮನೆಮಾತಾಯಿತೇ?
— ದಾವಣಗೆರೆ