ಮಂಡಿ ಗುಂಪಿಗೆ 24 ಗಂಟೆ ಡಿಸಪಿಯರಿಂಗ್ ಹಾಕಬಹುದಾ?

ಕೇಳಿದವರು, ಕೋಲಾರ: ನಮ್ಮದು ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿ. ಹರಾಜಿನವರು, ಲೆಕ್ಕದವರು, ಡ್ರೈವರ್‌ಗಳು ಎಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದೇವೆ. ರೈತರ ಪಾಸ್‌ಬುಕ್ ಫೋಟೊನೂ ಅಲ್ಲೇ ಬೀಳುತ್ತೆ. 24 ಗಂಟೆಗೆ ಎಲ್ಲ ಅಳಿಸಿಹೋಗೋ ಹಾಗೆ ಮಾಡಿ ಅಂತಾರೆ ಮಾಲೀಕರು. ಹಾಕಿದವರು ಹೇಳಿ.

ಶಿಡ್ಲಘಟ್ಟದಿಂದ, ರೀಲಿಂಗ್ ಘಟಕ: ಖಂಡಿತ ಹಾಕಿ. ನನ್ನ ಫೋನ್ ತುಂಬಿ ಹ್ಯಾಂಗ್ ಆಗ್ತಿತ್ತು. ಹಳೇ ಫೋಟೊ ಎಲ್ಲ ಹೋದರೆ ಜಾಗ ಆಗುತ್ತೆ.

ಚಿಂತಾಮಣಿಯಿಂದ, ಮಂಡಿ ಲೆಕ್ಕದವರು: ಅವರು ಕೇಳಿದ್ದು ಜಾಗದ ವಿಷಯ ಅಲ್ಲ ಸರ್. ಅಲ್ಲದೆ ಇದನ್ನು ಆನ್ ಮಾಡುವ ಮೊದಲು ಬಂದ ಮೆಸೇಜ್ ಅಳಿಸಲ್ಲ. ಆಮೇಲೆ ಬಂದದ್ದಕ್ಕೆ ಮಾತ್ರ ಗಡುವು.

ನಮ್ಮ ಗುಂಪಿನಲ್ಲಿ 7 ದಿನದ್ದು ಹಾಕಿದ್ದೆವು. ಏನಾಯಿತು ಹೇಳ್ತೀನಿ. ಸೋಮವಾರ ಬೆಳಗ್ಗೆ 600 ಬಾಕ್ಸ್ ಲೋಡ್ ಆಯಿತು. ಎಣಿಸಿದ ಹುಡುಗ ಲಾರಿ ನಂಬರ್, ಬಾಕ್ಸ್ ಲೆಕ್ಕ ಬರೆದು ಫೋಟೊ ಸಮೇತ ಗುಂಪಿಗೆ ಹಾಕಿದ. ಹೊರರಾಜ್ಯದ ವ್ಯಾಪಾರಿ ದುಡ್ಡು ಕಳಿಸಿದ್ದು ಎರಡನೇ ವಾರ. 28 ಬಾಕ್ಸ್ ಕಮ್ಮಿ ಬಂತು ಅಂತ ಅಷ್ಟು ಹಿಡಿದುಕೊಂಡರು. ಗುಂಪು ತೆರೆದರೆ ಮೆಸೇಜೇ ಇಲ್ಲ. ಫೋಟೊ ಮಾತ್ರ ಡ್ರೈವರ್ ಗ್ಯಾಲರಿಯಲ್ಲಿತ್ತು, ಅದರಲ್ಲಿ ಲೆಕ್ಕವೂ ಇಲ್ಲ, ಎಣಿಸಿದ್ದು ಯಾರು ಅಂತಲೂ ಇಲ್ಲ. ರೈತರಿಗೆ ಪೂರ್ತಿ ಪಟ್ಟಿ ಕೊಟ್ಟಾಗಿತ್ತು. 28 ಬಾಕ್ಸ್ ದುಡ್ಡು ಮಂಡಿ ಮೇಲೆಯೇ ಬಿತ್ತು.

ನಮ್ಮ ಕೆಲಸದಲ್ಲಿ ತಕರಾರು ಬರೋದು ದುಡ್ಡು ಬಂದಾಗ, ಮಾಲು ಹೋದ ದಿನ ಅಲ್ಲ. ನಿಮ್ಮ ವ್ಯಾಪಾರಿಗಳು ದುಡ್ಡು ಕೊಡೋಕೆ ಎಷ್ಟು ದಿನ ತಗೋತಾರೋ ಅದಕ್ಕಿಂತ ಜಾಸ್ತಿ ದಿನ ಮೆಸೇಜ್ ಇರಬೇಕು. 24 ಗಂಟೆ ಸಾಲದೇ ಸಾಲದು.

ಮಾಲೂರಿನಿಂದ: ಅಷ್ಟು ಹೆದರಬೇಕಾಗಿಲ್ಲ. ದಿನಾ ರಾತ್ರಿ ಬ್ಯಾಕಪ್ ಆಗುತ್ತಲ್ವಾ, ರಿಸ್ಟೋರ್ ಮಾಡಿದರೆ ಬರುತ್ತೆ.

ಚಿಂತಾಮಣಿಯಿಂದ, ಮಂಡಿ ಲೆಕ್ಕದವರು: ಬ್ಯಾಕಪ್‌ಗೆ ಹೋಗೋದು ನಿಜ. ಆದರೆ ಅದರಿಂದ ರಿಸ್ಟೋರ್ ಮಾಡಿದಾಗ ಆ ಮೆಸೇಜ್ ಅಳಿಸಿಹೋಗುತ್ತೆ. ಅದನ್ನು ನಂಬಿಕೊಂಡು ಕೂರಬೇಡಿ. ಉಳಿಸಬೇಕಾದ ಮೆಸೇಜನ್ನು ಗಡುವು ಮುಗಿಯೋ ಮೊದಲು ಒತ್ತಿ ಹಿಡಿದು Keep ಕೊಡಬೇಕು.

ಇದರಲ್ಲೂ ಒಂದು ತೊಡಕಿದೆ. ನೀವು Keep ಕೊಟ್ಟದ್ದು ಕಳಿಸಿದವರಿಗೆ ಗೊತ್ತಾಗುತ್ತೆ. ಅವರು ಬೇಡ ಅಂದರೆ ಮುಗೀತು, ಆ ಮೆಸೇಜನ್ನು ಬೇರೆ ಯಾರೂ ಉಳಿಸೋಕಾಗಲ್ಲ. ಹಾಗಾಗಿ ಲೋಡ್ ಲೆಕ್ಕದ ಮೆಸೇಜ್ ಡ್ರೈವರ್ ಫೋನಿನಿಂದ ಬರಬಾರದು, ಮಂಡಿ ಲೆಕ್ಕದವರ ಫೋನಿನಿಂದಲೇ ಹೋಗಬೇಕು. ನಾಳೆ ಕಮ್ಮಿ ಬಂದದ್ದಕ್ಕೆ ಉತ್ತರ ಹೇಳಬೇಕಾದವನ ಕೈಗೇ ಅಳಿಸೋ ಅಧಿಕಾರ ಕೊಟ್ಟಂಗಾಗುತ್ತೆ ಇಲ್ಲಾಂದ್ರೆ. Group permissions ಒಳಗೆ Edit group settings ಅಡ್ಮಿನ್‌ಗಳಿಗೆ ಮಾತ್ರ ಇಡಿ. ಇಲ್ಲದಿದ್ದರೆ ಗುಂಪಿನಲ್ಲಿರೋ ಯಾರು ಬೇಕಾದರೂ ಗಡುವು ಬದಲಾಯಿಸಬಹುದು.

ಇಷ್ಟೆಲ್ಲ ಮಾಡಿದರೂ ಲಾರಿ ಬಿಡೋ ಮೊದಲು ಲೋಡ್ ಚೀಟಿಗೆ ಡ್ರೈವರ್ ಸಹಿ ಹಾಕಿಸಿಕೊಳ್ಳಿ. ನಾವು ಈಗ ಸಹಿ ಇಲ್ಲದೆ ಹಗ್ಗ ಕಟ್ಟಿಸಲ್ಲ.

ಕೇಳಿದವರು: ಲೋಡ್ ವಿಷಯ ಅರ್ಥ ಆಯಿತು. ಪಾಸ್‌ಬುಕ್ ಕಥೆ ಏನು? ಮಾಲೀಕರ ಚಿಂತೆ ಅದೇ. ಸೀಸನ್ನಿಗೆ ಬಂದು ಹೋಗೋ ಹುಡುಗರು ಜಾಸ್ತಿ.

ತುಮಕೂರಿನಿಂದ, ಸಹಕಾರ ಸಂಘದ ಗುಮಾಸ್ತೆ: ಮಾಲೀಕರ ಚಿಂತೆ ಸರಿಯಾಗಿದೆ. ರೈತರ ಖಾತೆ ನಂಬರ್ ಹುಡುಗರ ಫೋನಿನಲ್ಲಿ ವರ್ಷಗಟ್ಟಲೆ ಉಳಿಯಬಾರದು. ಆದರೆ ಡಿಸಪಿಯರಿಂಗ್ ಅದಕ್ಕೆ ಪೂರ್ತಿ ಮದ್ದಲ್ಲ. ಆಟೋ ಡೌನ್‌ಲೋಡ್ ಆನ್ ಇರೋ ಫೋನಿನಲ್ಲಿ ಫೋಟೊ ಗ್ಯಾಲರಿಗೆ ಇಳಿದುಬಿಡುತ್ತೆ. ಚಾಟ್‌ನಲ್ಲಿ ಅಳಿಸಿದರೂ ಅಲ್ಲಿ ಇದ್ದೇ ಇರುತ್ತೆ. ಬೇರೆಯವರಿಗೆ ಫಾರ್ವರ್ಡ್ ಮಾಡಿದ್ದೂ ಉಳಿಯುತ್ತೆ.

ನಮ್ಮಲ್ಲಿ ಪಾಸ್‌ಬುಕ್ ಗುಂಪಿಗೆ ಹಾಕೋದನ್ನೇ ನಿಲ್ಲಿಸಿದ್ದೇವೆ. ದುಡ್ಡು ಹಾಕುವ ಒಬ್ಬರಿಗೆ ಮಾತ್ರ, ಫೋಟೊ ಕಳಿಸುವಾಗ ಪಕ್ಕದ 1 ಗುರುತು ಒತ್ತಿ, ಒಂದೇ ಸಲ ತೆರೆಯೋ ಹಾಗೆ ಕಳಿಸ್ತೇವೆ. ಅವರು ನೋಡಿ ಖಾತೆ ನಂಬರ್, ಐಎಫ್‌ಎಸ್‌ಸಿ ರಿಜಿಸ್ಟರಿಗೆ ಬರೆದುಕೊಳ್ಳುತ್ತಾರೆ. ಇನ್ನೊಂದು ಫೋನಿನಲ್ಲಿ ಪರದೆ ಫೋಟೊ ಹೊಡೆದರೆ ತಡೆಯೋಕಾಗಲ್ಲ, ಆದರೆ ನೋಡುವವರು ಒಬ್ಬರೇ ಆಗಿರ್ತಾರೆ.

ಚಿಂತಾಮಣಿಯಿಂದ, ಮಂಡಿ ಲೆಕ್ಕದವರು: ಇದು ಒಳ್ಳೆಯದು. ಹಾಗಾದರೆ ಲೋಡ್ ಗುಂಪಿಗೆ 90 ದಿನ ಇಟ್ಟರೆ ಸಾಕು.

ತುಮಕೂರಿನಿಂದ, ಸಹಕಾರ ಸಂಘದ ಗುಮಾಸ್ತೆ: ನಾನಾದರೆ ಲೋಡ್ ಗುಂಪಿಗೆ ಏನೂ ಹಾಕಲ್ಲ. ಜಿಎಸ್‌ಟಿ ಕಟ್ಟುವವರು ಲೆಕ್ಕಪತ್ರ ಇಟ್ಟುಕೊಳ್ಳಬೇಕಾದದ್ದು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು. ಚಾಟ್ ಲೆಕ್ಕಪತ್ರ ಅಲ್ಲ, ಒಪ್ತೀನಿ. ಆದರೆ ಯಾವುದೋ ಬಿಲ್ಲಿಗೆ ವಿವರಣೆ ಬೇಕಾದಾಗ ನಾವು ಹುಡುಕೋದು ಅಲ್ಲೇ.

ಚಿಂತಾಮಣಿಯಿಂದ, ಮಂಡಿ ಲೆಕ್ಕದವರು: ಅಲ್ಲಿ ಹುಡುಕಬೇಕಾಗಿ ಬಂದರೆ ರಿಜಿಸ್ಟರ್ ಸರಿಯಿಲ್ಲ ಅಂತಲೇ ಅಲ್ವಾ? ಹುಡುಗರು ಬಯ್ದಾಡಿದ್ದು, ರೈತರ ಫೋನ್ ನಂಬರ್ ಎಲ್ಲ ಆರು ವರ್ಷ ಯಾಕೆ ಇಟ್ಟುಕೊಳ್ಳಬೇಕು? ನನ್ನ ಪ್ರಕಾರ 90 ದಿನವೇ.

ಕೇಳಿದವರು: ಪಾಸ್‌ಬುಕ್ ಇವತ್ತಿನಿಂದಲೇ ಗುಂಪಿಗೆ ಬಂದ್. 24 ಗಂಟೆ ಬೇಡ ಅಂತ ಮಾಲೀಕರಿಗೆ ಹೇಳ್ತೀನಿ. 90 ದಿನವಾ, ಆಫ್ ಇಡೋದಾ ಅನ್ನೋದನ್ನು ನಮ್ಮ ಆಡಿಟರ್ ಹತ್ತಿರ ಕೇಳಿ ಇಲ್ಲೇ ಬರೀತೀನಿ.